ಒಣಗಿದ ಬಕೆಟ್ಟಿನ ಫೋಟೋದಿಂದ ಗೋಡೆಯ ಶೇಡ್ ಹುಡುಕುವುದು ಹೇಗೆ?

ಗೋಡೆಯ ಒಂದು ತುಂಡಿಗೆ ಮಾತ್ರ ಬಣ್ಣ ಬೇಕಾಗಿರುತ್ತದೆ. ನೀರು ಸೋರಿ ಕಲೆಯಾಗಿರುತ್ತದೆ, ಇಲ್ಲವೇ ಎಲೆಕ್ಟ್ರಿಷಿಯನ್ ಹೊಸ ಪೈಪ್ ಕೂರಿಸಲು ಗೋಡೆ ಕೊರೆದಿರುತ್ತಾರೆ. ಹಿಂದೆ ಯಾವ ಶೇಡ್ ಹೊಡೆಸಿದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಅಟ್ಟದ ಮೇಲೆ ಹಳೇ ಬಕೆಟ್ ಒಂದು ಸಿಗುತ್ತದೆ. ಪೇಂಟ್ ಸುರಿದು, ಒಣಗಿ, ಲೇಬಲ್ ಅರ್ಧ ಮುಚ್ಚಿಹೋಗಿರುತ್ತದೆ. ಅದರ ಫೋಟೋ ತೆಗೆದುಕೊಂಡು ಅಂಗಡಿಗೆ ಬರುತ್ತಾರೆ. ಪೇಂಟ್ ಅಂಗಡಿಯ ಕೌಂಟರಿನಲ್ಲಿ ನಿಂತು ಇಂಥ ಫೋಟೋಗಳನ್ನು ನಾನು ತುಂಬಾ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಕಂಪನಿಯ ಹೆಸರು ದೊಡ್ಡದಾಗಿ ಕಾಣುತ್ತದೆ. ಶೇಡ್ ಮಾತ್ರ ಎಲ್ಲೂ ಇರುವುದಿಲ್ಲ.

ಇದಕ್ಕೆ ಕಾರಣ ಸರಳ. ಒಂದು ಬಕೆಟ್ಟಿನ ಮೇಲೆ ಎರಡು ಲೇಬಲ್ ಇರುತ್ತವೆ. ಒಂದನ್ನು ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿರುತ್ತಾರೆ. ಇನ್ನೊಂದು ಚಿಕ್ಕ ಬಿಳಿ ಸ್ಟಿಕ್ಕರ್, ಅದನ್ನು ಅಂಗಡಿಯಲ್ಲಿ ಅಂಟಿಸಿರುತ್ತಾರೆ. ಜನ ಫೋಟೋ ತೆಗೆಯುವುದು ಮೊದಲನೆಯದರದ್ದು. ಶೇಡ್ ಇರುವುದು ಎರಡನೆಯದರಲ್ಲಿ.

ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಬಣ್ಣ ಎಲ್ಲಿ ತಯಾರಾಗುತ್ತದೆ ಅಂತ ನೋಡಬೇಕು. ಶೇಡ್ ಕಾರ್ಡಿನಲ್ಲಿ ಸಾವಿರಕ್ಕೂ ಹೆಚ್ಚು ಬಣ್ಣಗಳಿರುತ್ತವೆ. ಅಷ್ಟೂ ಬಣ್ಣದ ಬಕೆಟ್ಟುಗಳನ್ನು ಯಾವ ಅಂಗಡಿಯೂ ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಕಂಪನಿ ಬೇಸ್, ಅಂದರೆ ಇನ್ನೂ ಬಣ್ಣ ಸೇರಿಸದ ಪೇಂಟ್ ಮಾತ್ರ ಕಳಿಸುತ್ತದೆ. ತಿಳಿ ಬಣ್ಣಗಳಿಗೆ ಒಂದು ಬೇಸ್, ನಡು ಬಣ್ಣಗಳಿಗೆ ಒಂದು, ಗಾಢ ಬಣ್ಣಗಳಿಗೆ ಇನ್ನೊಂದು. ತಿಳಿ ಬೇಸಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನುವ ಬಿಳಿ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿ, ಜಾಸ್ತಿ ಇರುತ್ತದೆ. ಗಾಢ ಬೇಸಿನಲ್ಲಿ ಅದು ತೀರಾ ಕಡಿಮೆ, ಇಲ್ಲದಿದ್ದರೆ ಕಡುಗೆಂಪು ಅನ್ನುವುದು ತಿಳಿ ಗುಲಾಬಿಯಾಗಿಬಿಡುತ್ತದೆ. ಅಂಗಡಿಯಲ್ಲಿ ಟಿಂಟಿಂಗ್ ಮಷಿನ್ ಇರುತ್ತದೆ. ಶೇಡ್ ನಂಬರ್ ಕೊಟ್ಟರೆ ಅದು ಆ ಬೇಸಿಗೆ ಕೆಲವು ಬಣ್ಣದ ದ್ರಾವಣಗಳನ್ನು ಮಿಲಿಲೀಟರ್ ಲೆಕ್ಕದಲ್ಲಿ ಬೀಳಿಸುತ್ತದೆ. ಆಮೇಲೆ ಬಕೆಟ್ ಅಲ್ಲಾಡಿಸಿ, ಸ್ಟಿಕ್ಕರ್ ಅಂಟಿಸಿ ಕೊಡುತ್ತಾರೆ. ಪೇಂಟರುಗಳು 'ಮಷಿನ್ ಕಲರ್' ಅನ್ನುವುದು ಇದಕ್ಕೇ.

ಅಂದರೆ ಫ್ಯಾಕ್ಟರಿಯ ಲೇಬಲ್ಲಿಗೆ ನಿಮ್ಮ ಗೋಡೆಯ ಬಣ್ಣ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಕಂಪನಿ, ಪೇಂಟಿನ ಜಾತಿ, ಬೇಸ್, ಅಳತೆ, ಇಷ್ಟೇ. ಬಕೆಟ್ಟಿನ ಮೇಲಿನ ಚಂದದ ಕೋಣೆಯ ಚಿತ್ರದಲ್ಲಿ ನೀಲಿ ಗೋಡೆ ಇದ್ದರೆ ಒಳಗಿದ್ದದ್ದು ನೀಲಿ ಅಂತಲ್ಲ.

ಹಾಗಾದರೆ ಕಂಪನಿ ಗೊತ್ತಾಗಿ ಏನು ಉಪಯೋಗ? ಗೋಡೆಯನ್ನೇ ಮಷಿನ್ನಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಆಗುತ್ತದೆ, ಆದರೆ ಅದರಲ್ಲಿ ಒಂದು ತೊಡಕಿದೆ. ಒಂದೇ ಬಣ್ಣವನ್ನು ಬೇರೆ ಬೇರೆ ಪಿಗ್ಮೆಂಟ್ ಸೇರಿಸಿ ಮಾಡಬಹುದು. ಬೇರೆ ಕಂಪನಿಯ ದ್ರಾವಣಗಳಿಂದ ಮಾಡಿದ ಬಣ್ಣ ಹಗಲಿನಲ್ಲಿ ಗೋಡೆಗೆ ಸರಿಯಾಗಿ ಕೂತು, ರಾತ್ರಿ ಎಲ್‌ಇಡಿ ಹಾಕಿದ ತಕ್ಷಣ ಬೇರೆಯಾಗಿ ಕಾಣಬಹುದು. ತೇಪೆ ಎದ್ದು ನಿಲ್ಲುತ್ತದೆ. ಅದೇ ಕಂಪನಿ, ಅದೇ ಪೇಂಟ್, ಅದೇ ಶೇಡ್ ಸಿಕ್ಕರೆ ಪಿಗ್ಮೆಂಟುಗಳೂ ಸಾಮಾನ್ಯವಾಗಿ ಅವೇ ಇರುತ್ತವೆ, ಹೊಳಪೂ ಒಂದೇ ಇರುತ್ತದೆ. ಯಾವ ಬೆಳಕಿನಲ್ಲೂ ಹೊಂದುತ್ತದೆ. ಅದಕ್ಕೇ ನಾನು ಮೊದಲು ಲೇಬಲ್ ಹುಡುಕಿಸುತ್ತೇನೆ, ಸ್ಕ್ಯಾನ್ ಆಮೇಲಿನ ಮಾತು.

ಕಂಪನಿಯ ಹೆಸರು ಮುಚ್ಚಿಹೋಗಿದ್ದರೆ

ದೊಡ್ಡ ಅಕ್ಷರದ ಹೆಸರು ಪೇಂಟಿನಡಿ ಹೋಗಿದ್ದರೂ ಸಣ್ಣ ಅಕ್ಷರಗಳು ಉಳಿದಿರುತ್ತವೆ. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ಅಳತೆ, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರ ದೂರಿಗೆ ಫೋನ್ ನಂಬರ್ ಇರಲೇಬೇಕು. 2011ರ ಕಾನೂನು ಮಾಪನ ಶಾಸ್ತ್ರದ ಪ್ಯಾಕೇಜ್ ನಿಯಮಗಳು ಹಾಗೆ ಹೇಳುತ್ತವೆ. ಬಕೆಟ್ಟಿನ ಹಿಂಭಾಗದಲ್ಲಿ, ಬಾರ್‌ಕೋಡಿನ ಹತ್ತಿರ, ಇವುಗಳಲ್ಲಿ ಹೆಚ್ಚಿನವು ಒಂದೇ ಚೌಕದಲ್ಲಿ ಇರುತ್ತವೆ. ಪೇಂಟರುಗಳು ಬ್ರಷ್ ಅದ್ದಿ ಅಂಚಿಗೆ ಒರೆಸುವುದು ಸಾಮಾನ್ಯವಾಗಿ ಒಂದೇ ಬದಿಯಲ್ಲಿ. ಆದ್ದರಿಂದ ಒಂದು ಬದಿ ಪೂರ್ತಿ ಮುಚ್ಚಿದ್ದರೆ ಎದುರಿನ ಬದಿ ಬಹಳ ಸಲ ಚೊಕ್ಕಟವಾಗಿ ಉಳಿದಿರುತ್ತದೆ. ಬಕೆಟ್ ಸುತ್ತ ತಿರುಗಿಸಿ ನಾಲ್ಕು ಫೋಟೋ ತೆಗೆದರೆ ಅರ್ಧ ಕೆಲಸ ಮುಗಿದಂತೆ.

ಬಾರ್‌ಕೋಡ್ ಇನ್ನೊಂದು ದಾರಿ. ಗೆರೆಗಳ ಕೆಳಗಿನ ಸಂಖ್ಯೆ 890ರಿಂದ ಶುರುವಾದರೆ ಅದು ಭಾರತದ ಸಂಸ್ಥೆಯಿಂದ ಪಡೆದ ನಂಬರ್. ಅದರ ಮುಂದಿನ ಅಂಕಿಗಳು ಕಂಪನಿಯವು, ಕೊನೆಯವು ಸಾಮಾನಿನವು. ಪೇಂಟ್ ಅಂಗಡಿಗಳಲ್ಲಿ ಹಲವು ಕಂಪನಿಯ ಬಕೆಟ್ಟುಗಳು ಇರುತ್ತವೆ ಅಲ್ವಾ? ನಿಮ್ಮ ಫೋಟೋದ ಮೊದಲ ಏಳೆಂಟು ಅಂಕಿಗಳನ್ನು ಶೆಲ್ಫಿನ ಬಕೆಟ್ಟುಗಳ ಜೊತೆ ತಾಳೆ ನೋಡಿದರೆ ಕಂಪನಿ ಸಿಗುತ್ತದೆ. ಆದರೆ ಮಷಿನ್ ಕಲರ್ ಆದರೆ ಬಾರ್‌ಕೋಡಿನಿಂದ ಶೇಡ್ ಸಿಗುವುದಿಲ್ಲ. ಅದು ಬಣ್ಣ ಬೀಳುವ ಮೊದಲೇ ಅಚ್ಚಾಗಿದ್ದು.

ಪೇಂಟಿನ ಹೆಸರಿನ ಒಂದು ತುಂಡು ಕಂಡರೂ ಸಾಕು. ರಾಯಲ್, ಟ್ರ್ಯಾಕ್ಟರ್, ಏಪೆಕ್ಸ್ ಅಂದರೆ ಏಷ್ಯನ್ ಪೇಂಟ್ಸ್. ಬೈಸನ್, ರಂಗೋಲಿ, ವೆದರ್‌ಕೋಟ್ ಅಂದರೆ ಬರ್ಜರ್. ಇಂಪ್ರೆಶನ್ಸ್, ಎಕ್ಸೆಲ್, ಸುರಕ್ಷಾ ಅಂದರೆ ನೆರೋಲ್ಯಾಕ್. ವೆಲ್ವೆಟ್ ಟಚ್, ವೆದರ್‌ಶೀಲ್ಡ್ ಅಂದರೆ ಡ್ಯುಲಕ್ಸ್. ವೆದರ್‌ಕೋಟ್ ಮತ್ತು ವೆದರ್‌ಶೀಲ್ಡ್ ಇವೆರಡೂ ಬೇರೆ ಬೇರೆ ಕಂಪನಿಯವು ಅನ್ನುವುದನ್ನು ಗಮನಿಸಿ. ಫೋಟೋದಲ್ಲಿ 'ವೆದರ್' ಅಷ್ಟೇ ಕಂಡರೆ ಯಾವುದಕ್ಕೂ ಬೆರಳು ತೋರಿಸಬೇಡಿ, ಮುಂದಿನ ಅಕ್ಷರದ ತುದಿಯಾದರೂ ಕಾಣಬೇಕು.

ಅಳತೆಯೂ ಸುಳಿವು ಕೊಡುತ್ತದೆ. ಹಾಗೇ ಹೊಡೆಯುವ ಬಿಳಿ ಪೇಂಟ್ ಸಾಮಾನ್ಯವಾಗಿ 1, 4, 10, 20 ಲೀಟರಿನಲ್ಲಿ ಬರುತ್ತದೆ. ಬಣ್ಣ ಸೇರಿಸಬೇಕಾದ ಬೇಸುಗಳಲ್ಲಿ ಹಲವು 0.9, 3.6, 9, 18 ಲೀಟರ್ ಇರುತ್ತವೆ. ದ್ರಾವಣ ಬೀಳಲು ಮೇಲೆ ಜಾಗ ಬೇಕಲ್ಲ. ಲೇಬಲ್ಲಿನಲ್ಲಿ 18 ಲೀಟರ್ ಅಂತ ಕಂಡರೆ ಅದಕ್ಕೆ ಅಂಗಡಿಯಲ್ಲಿ ಬಣ್ಣ ಸೇರಿಸಿದ್ದಾರೆ, ಸ್ಟಿಕ್ಕರ್ ಎಲ್ಲೋ ಇದ್ದೇ ಇರಬೇಕು ಅಂತ ಹುಡುಕಲು ಶುರುಮಾಡಬಹುದು. ಡಿಸ್ಟೆಂಪರ್ ಮತ್ತು ಗೇಟಿಗೆ ಹೊಡೆಯುವ ಎನಾಮೆಲ್ ಹಾಗಲ್ಲ. ಅವುಗಳಲ್ಲಿ ಹಲವು ಫ್ಯಾಕ್ಟರಿಯಲ್ಲೇ ಬಣ್ಣವಾಗಿ ಬರುತ್ತವೆ. ಶೇಡಿನ ಹೆಸರು ಡಬ್ಬದ ಮೇಲೋ ಮುಚ್ಚಳದ ಮೇಲೋ ಇರುತ್ತದೆ.

ಸ್ಟಿಕ್ಕರ್ ಓದುವುದು

ಸ್ಟಿಕ್ಕರ್ ಮುಚ್ಚಳದ ಮೇಲೆ ಇರಬಹುದು, ಬಕೆಟ್ಟಿನ ಪಕ್ಕದಲ್ಲಿ ಇರಬಹುದು. ಅದರಲ್ಲಿ ಪೇಂಟಿನ ಹೆಸರು, ಬೇಸ್, ಶೇಡಿನ ಹೆಸರು, ಶೇಡ್ ನಂಬರ್, ಅಳತೆ, ದಿನಾಂಕ, ಬಹಳ ಸಲ ಅಂಗಡಿಯ ಹೆಸರೂ ಇರುತ್ತವೆ. ಕೆಲವು ಸ್ಟಿಕ್ಕರುಗಳಲ್ಲಿ ಯಾವ ದ್ರಾವಣ ಎಷ್ಟು ಮಿಲಿಲೀಟರ್ ಬಿತ್ತು ಅನ್ನುವುದೂ ಅಚ್ಚಾಗಿರುತ್ತದೆ. ಇದು ಸಿಕ್ಕರೆ ಶೇಡ್ ನಂಬರಿಗಿಂತ ಬೆಲೆಬಾಳುವ ವಿಷಯ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಲ್ಲರೂ ಎಡವುವುದು ಬ್ಯಾಚ್ ನಂಬರಿನ ಹತ್ತಿರ. ಬಕೆಟ್ಟಿನ ಮೇಲೆ ಚುಕ್ಕೆ ಚುಕ್ಕೆಯ ಅಕ್ಷರದಲ್ಲಿ, ಕಪ್ಪು ಶಾಯಿಯಲ್ಲಿ ಒಂದು ಸಾಲು ಇರುತ್ತದೆ. ಅದು ಫ್ಯಾಕ್ಟರಿಯಲ್ಲಿ ಬಕೆಟ್ ಸಾಗುವಾಗ ಹಾಕಿದ್ದು. ಪಕ್ಕದಲ್ಲಿ ತಿಂಗಳು, ವರ್ಷ ಮತ್ತು ಬೆಲೆ ಇದ್ದರೆ ಅದು ಬ್ಯಾಚ್. ಶೇಡ್ ಅಲ್ಲವೇ ಅಲ್ಲ. ಶೇಡ್ ನಂಬರಿನ ಪಕ್ಕದಲ್ಲಿ ಬಣ್ಣದ ಹೆಸರೋ ಬೇಸಿನ ಹೆಸರೋ ಇರುತ್ತದೆ, ಬೆಲೆ ಇರುವುದಿಲ್ಲ.

ಶೇಡ್ ನಂಬರಿನ ಆಕಾರ ನೋಡಿಯೂ ಕಂಪನಿಯನ್ನು ಸ್ವಲ್ಪ ಊಹಿಸಬಹುದು. ಬರ್ಜರಿನವು ಅಂಕಿ, ನಡುವೆ ಒಂದು ಇಂಗ್ಲಿಷ್ ಅಕ್ಷರ, ಮತ್ತೆ ಅಂಕಿಗಳು, ಈ ರೀತಿ ಇರುತ್ತವೆ. ಡ್ಯುಲಕ್ಸಿನ ಶೇಡ್ ಕಾರ್ಡುಗಳಲ್ಲಿ `30YY 56/060` ಅನ್ನುವಂಥ ಉದ್ದ ಬರಹ ಕಾಣುತ್ತದೆ. ಬರೀ ನಾಲ್ಕು ಅಂಕಿ ಕಂಡರೆ ಮಾತ್ರ ನಿಲ್ಲಬೇಕು. ಏಷ್ಯನ್ ಪೇಂಟ್ಸಿನಲ್ಲೂ ನಾಲ್ಕಂಕಿಯ ನಂಬರುಗಳಿವೆ, ನೆರೋಲ್ಯಾಕಿನಲ್ಲೂ ಇವೆ. ನಂಬರ್ ಒಂದೇ ಇದ್ದರೂ ಬಣ್ಣ ಬೇರೆ. ಕಂಪನಿ ಮೊದಲು ಖಚಿತವಾಗಬೇಕು, ಆಮೇಲೆ ನಂಬರಿಗೆ ಅರ್ಥ ಬರುತ್ತದೆ.

ಇನ್ನೊಂದು ಸಂದರ್ಭವಿದೆ. ಬಕೆಟ್ ಒಂದು ಕಂಪನಿಯದು, ಸ್ಟಿಕ್ಕರಿನ ಶೇಡ್ ಇನ್ನೊಂದು ಕಂಪನಿಯದು. ಗ್ರಾಹಕರು ಒಂದು ಕಂಪನಿಯ ಕಾರ್ಡಿನಲ್ಲಿ ಬಣ್ಣ ಆರಿಸಿ, ಪೇಂಟ್ ಮಾತ್ರ ಬೇರೆಯದು ಸಾಕು ಅನ್ನುತ್ತಾರೆ. ಅಂಗಡಿಯವರು ಹತ್ತಿರದ ಶೇಡ್ ಹುಡುಕಿ ತಮ್ಮ ಮಷಿನ್ನಿನಲ್ಲಿ ಮಾಡಿಕೊಡುತ್ತಾರೆ. ಇಂಥ ಸ್ಟಿಕ್ಕರ್ ಕಂಡಾಗ ಶೇಡಿನ ಕಂಪನಿಗೆ ಹೋಗಬಾರದು. ಗೋಡೆಯ ಮೇಲಿರುವುದು ಬಕೆಟ್ಟಿನ ಕಂಪನಿಯ ಪೇಂಟ್. ಅದೇ ಕಂಪನಿಯ ಮಷಿನ್ ಇರುವ ಅಂಗಡಿಗೆ ಹೋಗಬೇಕು.

ಫೋಟೋ ತೆಗೆಯುವ ಮೊದಲು ಏನನ್ನೂ ಕೆರೆಯಬೇಡಿ

ಸ್ಟಿಕ್ಕರಿನ ಮೇಲೆ ಪೇಂಟ್ ಒಣಗಿದ್ದರೆ ಉಗುರಿನಿಂದ ಕೀಳಲು ಕೈ ಹೋಗುತ್ತದೆ. ಕೀಳಬೇಡಿ. ಪೇಂಟಿನ ಪದರದ ಜೊತೆ ಕಾಗದದ ಮೇಲ್ಪದರವೂ ಬರುತ್ತದೆ, ಅಕ್ಷರಗಳು ಅದರಲ್ಲೇ ಇರುತ್ತವೆ. ಥಿನ್ನರ್, ಸ್ಪಿರಿಟ್, ನೇಲ್ ಪಾಲಿಶ್ ರಿಮೂವರ್ ಯಾವುದನ್ನೂ ತಾಗಿಸಬೇಡಿ. ಈ ಸ್ಟಿಕ್ಕರುಗಳಲ್ಲಿ ಬಹಳಷ್ಟು ಥರ್ಮಲ್ ಕಾಗದದವು, ಬಸ್ ಟಿಕೆಟ್ಟಿನ ಕಾಗದದ ಹಾಗೆ. ಅದರಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದ ಕಡೆ ಕಾಗದವೇ ಕಪ್ಪಾಗುತ್ತದೆ. ಸ್ಪಿರಿಟ್ ಬಿದ್ದರೆ ಇಡೀ ಕಾಗದ ಕಪ್ಪಾಗಿಬಿಡಬಹುದು. ಬಿಸಿಲಿಗೆ ಬಿದ್ದರೆ ಅಕ್ಷರ ಮಾಸುತ್ತದೆ. ತಾರಸಿಯ ಮೇಲೆ ನೀರು ತುಂಬಿಡಲು ಬಳಸಿದ ಬಕೆಟ್ಟಿನಲ್ಲಿ ಸ್ಟಿಕ್ಕರ್ ಪೂರ್ತಿ ಬೆಳ್ಳಗಾಗಿರುವುದು ಈ ಕಾರಣಕ್ಕೆ.

ಮಾಸಿದ ಅಕ್ಷರಕ್ಕೆ ಫೋಟೋವೇ ಒಳ್ಳೆಯ ಮದ್ದು. ಬಕೆಟ್ಟನ್ನು ಕಿಟಕಿಯ ಹತ್ತಿರ ಇಡಿ, ನೇರ ಬಿಸಿಲು ಬೇಡ. ಫ್ಲ್ಯಾಶ್ ಬಂದ್ ಮಾಡಿ, ಇಲ್ಲದಿದ್ದರೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಕಲೆ ಬೀಳುತ್ತದೆ. ಫೋನನ್ನು ಸ್ಟಿಕ್ಕರಿಗೆ ಸಮನಾಗಿ ಹಿಡಿದು ಒಂದು ಫೋಟೋ ತೆಗೆಯಿರಿ. ಆಮೇಲೆ ಕೋಣೆ ಕತ್ತಲು ಮಾಡಿ, ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ಸವರಿಕೊಂಡು ಹೋಗುವ ಹಾಗೆ ಹಿಡಿದು ಇನ್ನೊಂದು ತೆಗೆಯಿರಿ. ತೆಳು ಪೇಂಟಿನಡಿ ಸ್ಟಿಕ್ಕರಿನ ಅಂಚು ಎಲ್ಲಿದೆ ಅನ್ನುವುದು, ಪೆನ್ನಿನಲ್ಲಿ ಒತ್ತಿ ಬರೆದ ನಂಬರಿನ ತಗ್ಗು, ಇವೆಲ್ಲ ನೆರಳಿನಲ್ಲಿ ಏಳುತ್ತವೆ. ಫೋನಿನ ಎಡಿಟ್‌ನಲ್ಲಿ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, ಬೆಳಕು ಇಳಿಸಿ ನೋಡಿ. ಕಣ್ಣಿಗೆ ಕಾಣದ ತಿಳಿ ಬೂದು ಅಕ್ಷರ ಎಷ್ಟೋ ಸಲ ಓದಲು ಸಿಗುತ್ತದೆ.

ಅಂಗಡಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿ, ಸಣ್ಣ ಅಂಕಿಗಳು ಕದಡುತ್ತವೆ. 3 ಮತ್ತು 8, 5 ಮತ್ತು 6, 1 ಮತ್ತು 7 ಒಂದೇ ಥರ ಕಾಣುತ್ತವೆ. ಶೇಡ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೂ ಬೇರೆಯೇ ಬಣ್ಣ ಬರುತ್ತದೆ.

ಫೋಟೋ ಆದ ಮೇಲೆ, ಅಚ್ಚಾದ ಪ್ಲಾಸ್ಟಿಕ್ ಮೇಲಿನ ಪೇಂಟನ್ನು ಬೇಕಾದರೆ ತೆಗೆಯಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟರೆ ಎಮಲ್ಷನ್ ಪದರ ಮೆತ್ತಗಾಗಿ ಸಿಪ್ಪೆಯಂತೆ ಏಳುತ್ತದೆ. ಇದು ಬಕೆಟ್ಟಿನ ಅಚ್ಚಿಗೆ ಮಾತ್ರ. ಕಾಗದದ ಸ್ಟಿಕ್ಕರಿಗೆ ಒದ್ದೆ ಬಟ್ಟೆ ಬೇಡ.

ಹಾಸನದ ಒಂದು ಮನೆಯ ಗೋಡೆ

ಹಾಸನದಲ್ಲಿರುವ ಪರಿಚಯದ ಹೆಂಗಸೊಬ್ಬರು ಒಂದು ಫೋಟೋ ಕಳಿಸಿದರು. ಹಾಲಿನ ಗೋಡೆಯಲ್ಲಿ ಎಸಿ ಪೈಪಿಗಾಗಿ ಉದ್ದಕ್ಕೆ ಕೊರೆದು, ಸಿಮೆಂಟ್ ಮುಚ್ಚಿ, ಪುಟ್ಟಿ ಹಾಕಿ ಆಗಿತ್ತು. ಬಣ್ಣ ಉಳಿದಿತ್ತು.

"ಅಣ್ಣಾ, ಇದು ಯಾವ ಕಲರ್ ಅಂತ ನೋಡಿ ಹೇಳಿ" ಅಂದರು.

ಬಕೆಟ್ಟಿನ ಮುಂಭಾಗದಲ್ಲಿ ತಿಳಿ ಕಂದು ಪೇಂಟ್ ಇಳಿದು ಒಣಗಿತ್ತು. ಹೆಸರಿನ ಕೊನೆಯ ಅಕ್ಷರಗಳು ಮಾತ್ರ ಕಾಣುತ್ತಿದ್ದವು, ಒಂದು ಸಾಲಿನಲ್ಲಿ `VET`, ಅದರ ಕೆಳಗೆ `UCH`. ವೆಲ್ವೆಟ್ ಟಚ್ ಅಂತ ಅಷ್ಟರಲ್ಲೇ ತಿಳಿಯಿತು. ಅಂದರೆ ಡ್ಯುಲಕ್ಸ್.

"ಮುಚ್ಚಳ ಇದೆಯಾ ಅಕ್ಕಾ? ಅದರ ಮೇಲೆ ಬಿಳಿ ಚೀಟಿ ಇದೆಯಾ ನೋಡಿ."

"ಮುಚ್ಚಳ ಇಲ್ಲಣ್ಣ. ಪಕ್ಕದಲ್ಲಿ ಏನೋ ಒಂದು ಚೀಟಿ ಇದೆ, ಓದೋಕೆ ಆಗ್ತಿಲ್ಲ."

ಅದನ್ನು ಹತ್ತಿರದಿಂದ ತೆಗೆಸಿ, ಡಾಕ್ಯುಮೆಂಟ್ ಆಗಿ ತರಿಸಿಕೊಂಡೆ. ಕಪ್ಪು ಬಿಳುಪು ಮಾಡಿ ನೋಡಿದಾಗ ಕಂಡದ್ದು ಹೀಗಿತ್ತು. ಮೊದಲ ಅಂಕಿ 3 ಇರಬಹುದು, 8 ಇರಬಹುದು. ಆಮೇಲೆ `0YY`. ಆಮೇಲೆ ಸ್ಪಷ್ಟವಾಗಿ `56/0`. ಕೊನೆಯ ಎರಡು ಅಂಕಿಗಳ ಮೇಲೆ ಒಂದು ಹನಿ ಒಣಗಿತ್ತು.

ಈ ಬರಹದ ಒಳ್ಳೆಯ ಗುಣ ಏನೆಂದರೆ, ಪ್ರತಿ ತುಂಡಿಗೂ ಅರ್ಥವಿದೆ. ಮೊದಲ ಭಾಗ ಬಣ್ಣದ ಕುಲ ಹೇಳುತ್ತದೆ. `YY` ಅಂದರೆ ಹಳದಿ ಕುಲ. ಅದರ ಹಿಂದಿನ ಎರಡು ಅಂಕಿಗಳು ಆ ಕುಲದೊಳಗಿನ ಜಾಗ. ಸಣ್ಣ ಸಂಖ್ಯೆಯಾದರೆ ಕಿತ್ತಳೆಯ ಕಡೆಗೆ, ದೊಡ್ಡದಾದರೆ ಹಸಿರಿನ ಕಡೆಗೆ. ನಡುವಿನ ಸಂಖ್ಯೆ ಗೋಡೆ ಎಷ್ಟು ಬೆಳಕನ್ನು ವಾಪಸ್ ಕೊಡುತ್ತದೆ ಅನ್ನುವುದು. ಕಡುಗಪ್ಪಿಗೆ 0, ಅಚ್ಚ ಬಿಳಿಗೆ 100 ಅಂತ ಇಟ್ಟುಕೊಂಡರೆ 56 ಅಂದರೆ ತಿಳಿಯೂ ಅಲ್ಲದ, ಗಾಢವೂ ಅಲ್ಲದ ನಡು ಬಣ್ಣ. ಓರೆ ಗೆರೆಯ ಮುಂದಿನದು ಬಣ್ಣದ ಕಸುವು. ಸಂಖ್ಯೆ ಸಣ್ಣದಾದಷ್ಟೂ ಬಣ್ಣ ಬೂದಿಗೆ ಹತ್ತಿರ.

ಈಗ 3 ಅಥವಾ 8 ಅನ್ನುವ ಅನುಮಾನವನ್ನು ಗೋಡೆಯೇ ಬಗೆಹರಿಸುತ್ತದೆ. 80 ಆಗಿದ್ದರೆ ಗೋಡೆಯಲ್ಲಿ ಹಸಿರಿನ ಛಾಯೆ ಇರಬೇಕು. ಗೋಡೆಯ ಪಕ್ಕ ಒಂದು ಬಿಳಿ ಕಾಗದ ಹಿಡಿದು, ಹಗಲಿನಲ್ಲಿ ನೋಡಿ ಹೇಳಿ ಅಂದೆ. ಮರದ ಬೂದಿಯ ಥರ, ಸ್ವಲ್ಪ ಕಂದಿನ ಕಡೆಗೆ ಇದೆ, ಹಸಿರು ಇಲ್ಲ ಅಂದರು. ಹಾಗಾಗಿ 30. ಇನ್ನು ಕೊನೆಯ ಅಂಕಿಗಳು. `30YY 56/0` ಅಂತ ಶುರುವಾಗುವ ಶೇಡುಗಳು ಶೇಡ್ ಕಾರ್ಡಿನಲ್ಲಿ ಬೆರಳೆಣಿಕೆಯಷ್ಟು. ಅವರು ಹತ್ತಿರದ ಅಂಗಡಿಯಿಂದ ಕಾರ್ಡ್ ತಂದು, ಕ್ಯಾಲೆಂಡರ್ ತೆಗೆದು, ಅದರ ಹಿಂದಿದ್ದ ಗೋಡೆಗೆ ಹಿಡಿದು ನೋಡಿದರು. `30YY 56/060` ಕೂತಿತು.

ಕ್ಯಾಲೆಂಡರಿನ ಹಿಂದೆ ಯಾಕೆ ಅಂದರೆ, ಅಲ್ಲಿ ಬಿಸಿಲು, ಹೊಗೆ, ಕೈ ಯಾವುದೂ ತಾಗಿರುವುದಿಲ್ಲ. ಲೇಬಲ್ ಹೇಳುವುದು ಹೊಡೆದ ದಿನದ ಬಣ್ಣವನ್ನು. ಅದನ್ನು ಪರೀಕ್ಷಿಸಬೇಕಾದದ್ದೂ ಹೊಡೆದ ದಿನದ ಬಣ್ಣ ಉಳಿದಿರುವ ಜಾಗದಲ್ಲಿ. ಬೀರುವಿನ ಹಿಂದೆ, ಸ್ವಿಚ್ ಬೋರ್ಡಿನ ಪ್ಲೇಟಿನಡಿ, ಹೀಗೆ ಎಲ್ಲಾದರೂ ಸಿಗುತ್ತದೆ.

ನಾಲ್ಕಂಕಿಯ ನಂಬರುಗಳಲ್ಲಿ ಇಷ್ಟು ಅನುಕೂಲವಿಲ್ಲ. ಆದರೂ ಒಂದು ಅಂಕಿ ಮಾತ್ರ ಹೋಗಿದ್ದರೆ ಉಳಿಯುವುದು ಹೆಚ್ಚೆಂದರೆ ಹತ್ತು ಶೇಡ್. ಕೊನೆಯ ಅಂಕಿ ಹೋಗಿದ್ದರೆ ಒಳ್ಳೆಯದು, ಅಕ್ಕಪಕ್ಕದ ನಂಬರುಗಳು ಸಾಮಾನ್ಯವಾಗಿ ಕಾರ್ಡಿನ ಅಕ್ಕಪಕ್ಕದಲ್ಲೇ ಇರುತ್ತವೆ. ಮೊದಲ ಅಂಕಿ ಹೋಗಿದ್ದರೆ ಹತ್ತೂ ಬೇರೆ ಬೇರೆ ಕುಲದ ಬಣ್ಣಗಳಾಗಿರಬಹುದು. ಅದು ಇನ್ನೂ ಸುಲಭ, ಒಂಬತ್ತನ್ನು ಕಣ್ಣು ಹಾಯಿಸಿಯೇ ತೆಗೆದುಹಾಕಬಹುದು.

ನಂಬರ್ ಸಿಕ್ಕಿತು, ಆದರೂ ಹೊಂದಲಿಲ್ಲ

ಇದು ಆಗುತ್ತದೆ. ಮೂರು ಕಾರಣ ಹೇಳಬೇಕು.

ಮೊದಲನೆಯದು ಫಾರ್ಮುಲಾ. ಕಂಪನಿಗಳು ಆಗಾಗ ಬೇಸನ್ನೋ ದ್ರಾವಣವನ್ನೋ ಬದಲಿಸುತ್ತವೆ. ಆಗ ಅದೇ ಶೇಡಿಗೆ ಹೊಸ ಲೆಕ್ಕ ಬರುತ್ತದೆ. ಕಾರ್ಡಿನ ಬಣ್ಣಕ್ಕೆ ಎರಡೂ ಹತ್ತಿರ ಇರುತ್ತವೆ, ಆದರೆ ಒಂದರ ಪಕ್ಕ ಒಂದು ಹಚ್ಚಿದರೆ ಕಣ್ಣಿಗೆ ಸಣ್ಣ ವ್ಯತ್ಯಾಸ ಕಾಣಬಹುದು. ಸ್ಟಿಕ್ಕರಿನಲ್ಲಿ ದ್ರಾವಣಗಳ ಲೆಕ್ಕ ಅಚ್ಚಾಗಿದ್ದರೆ ಅಂಗಡಿಯವರು ಈಗಿನ ಲೆಕ್ಕದ ಜೊತೆ ಹೋಲಿಸಿ ನೋಡಬಹುದು. ದಿನಾಂಕ ಮತ್ತು ಅಂಗಡಿಯ ಹೆಸರಿದ್ದರೆ ಅದೇ ಅಂಗಡಿಗೆ ಹೋಗಿ. ಮಷಿನ್ನಿನ ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ಉಳಿದಿರುವ ಸಾಧ್ಯತೆ ಇದೆ.

ಎರಡನೆಯದು ಪೇಂಟಿನ ಜಾತಿ. ಒಂದೇ ಶೇಡ್ ನಂಬರನ್ನು ಅಗ್ಗದ ಎಮಲ್ಷನ್ನಿನಲ್ಲೂ ದುಬಾರಿ ಎಮಲ್ಷನ್ನಿನಲ್ಲೂ ಮಾಡಿಕೊಡುತ್ತಾರೆ. ಒಂದು ಮ್ಯಾಟ್, ಇನ್ನೊಂದಕ್ಕೆ ರೇಷ್ಮೆಯ ಹೊಳಪು. ನೇರವಾಗಿ ನಿಂತು ನೋಡಿದರೆ ಒಂದೇ, ಬಾಗಿಲ ಕಡೆಯಿಂದ ಓರೆಯಾಗಿ ನೋಡಿದರೆ ತೇಪೆ. ಆದ್ದರಿಂದ ಫೋಟೋದಲ್ಲಿ ಶೇಡ್ ಓದಿದಷ್ಟೇ ಗಮನ ಕೊಟ್ಟು ಪೇಂಟಿನ ಪೂರ್ತಿ ಹೆಸರನ್ನೂ ಓದಬೇಕು.

ಮೂರನೆಯದು ಪೇಂಟರ್ ಕೈ. ಸ್ವಲ್ಪ ಡಲ್ ಮಾಡಿ ಅಂತ ಮನೆಯವರು ಹೇಳಿದಾಗ ಸ್ಟೇನರ್ ಅನ್ನುವ ಗಾಢ ಬಣ್ಣದ ದ್ರಾವಣವನ್ನು ಎರಡು ಹನಿ ಸೇರಿಸಿರಬಹುದು, ಅಥವಾ ಉಳಿದ ಬಿಳಿ ಪೇಂಟ್ ಬೆರೆಸಿರಬಹುದು. ಇದು ಯಾವ ಲೇಬಲ್ಲಿನಲ್ಲೂ ಇರುವುದಿಲ್ಲ. ಅಟ್ಟದಲ್ಲಿ ಎರಡು ಮೂರು ಬಕೆಟ್ಟುಗಳಿದ್ದರೆ ಮುಚ್ಚಳಗಳು ಅದಲುಬದಲಾಗಿರುವುದೂ ಉಂಟು. ಮುಚ್ಚಳದ ಸ್ಟಿಕ್ಕರ್ ಓದಿದಾಗ ಬಕೆಟ್ಟಿನೊಳಗೆ ಒಣಗಿದ ಬಣ್ಣ ಅದಕ್ಕೆ ಹೊಂದುತ್ತದಾ ಅಂತ ಒಮ್ಮೆ ನೋಡಿ.

ಹಾಗಾಗಿ ನಂಬರ್ ಸಿಕ್ಕ ತಕ್ಷಣ ಪೂರ್ತಿ ಪೇಂಟ್ ತರಬೇಡಿ. ಸಿಗುವ ಅತಿ ಸಣ್ಣ ಡಬ್ಬ ತನ್ನಿ. ಗೋಡೆಗೇ ಹಚ್ಚದೆ ದಪ್ಪ ಬಿಳಿ ರಟ್ಟಿಗೆ ಎರಡು ಕೋಟ್ ಹಚ್ಚಿ, ಒಂದು ರಾತ್ರಿ ಬಿಡಿ. ಹಸಿ ಎಮಲ್ಷನ್ ಹಾಲು ಬೆರೆತ ಹಾಗೆ ತಿಳಿಯಾಗಿ ಕಾಣುತ್ತದೆ, ಒಣಗಿದ ಮೇಲೆ ಒಂದು ಹೆಜ್ಜೆ ಗಾಢವಾಗುತ್ತದೆ. ಹಸಿ ಇರುವಾಗ ನೋಡಿ ಇದು ನಮ್ಮ ಬಣ್ಣ ಅಲ್ಲ ಅಂತ ತೀರ್ಮಾನಿಸುವವರು ತುಂಬಾ ಜನ. ಒಣಗಿದ ರಟ್ಟನ್ನು ಗೋಡೆಗೆ ಒತ್ತಿ ಹಿಡಿದು ಬೆಳಿಗ್ಗೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ.

ಹಾಸನದ ಮನೆಯಲ್ಲಿ ರಟ್ಟು ಕ್ಯಾಲೆಂಡರಿನ ಹಿಂದಿನ ಗೋಡೆಗೆ ಚೆನ್ನಾಗಿ ಹೊಂದಿತು. ಆದರೆ ಕೊರೆದ ಜಾಗದ ಪಕ್ಕದಲ್ಲಿ ಹೊಸದು ಎದ್ದು ಕಂಡಿತು. ಅದು ಕಿಟಕಿಯ ಎದುರಿನ ಗೋಡೆ, ಬಣ್ಣ ಮಾಸಿತ್ತು. ಶೇಡ್ ಸರಿಯಿತ್ತು, ಗೋಡೆ ಬದಲಾಗಿತ್ತು. ಇಂಥ ಕಡೆ ತೇಪೆ ಹಾಕಬಾರದು. ಮೂಲೆಯಿಂದ ಮೂಲೆಗೆ ಆ ಒಂದು ಗೋಡೆಯನ್ನು ಪೂರ್ತಿ ಹೊಡೆಯಬೇಕು. ಎರಡು ಗೋಡೆ ಸೇರುವ ಮೂಲೆಯಲ್ಲಿ ಬೆಳಕು ಹೇಗೂ ಬದಲಾಗುತ್ತದೆ, ಸಣ್ಣ ವ್ಯತ್ಯಾಸವನ್ನು ಕಣ್ಣು ಹಿಡಿಯುವುದಿಲ್ಲ. ಹಾಸನದ ಆ ಗೋಡೆ 12 ಅಡಿ ಅಗಲ, 10 ಅಡಿ ಎತ್ತರ, ಒಟ್ಟು 120 ಚದರ ಅಡಿ. ಇಂಥ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ ಸುಮಾರು 60ರಿಂದ 70 ಚದರ ಅಡಿ ಬರುತ್ತದೆ. ಎರಡು ಲೀಟರ್ ಬೇಕಾಯಿತು. ಎರಡು ಡಬ್ಬಗಳನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ ಹೊಡೆಯಲು ಹೇಳಿದೆ. ಸಣ್ಣ ಡಬ್ಬಕ್ಕೆ ಬೀಳುವ ದ್ರಾವಣ ತುಂಬಾ ಕಡಿಮೆ. ಅದರಲ್ಲಿ ಅರ್ಧ ಹನಿ ಆಚೀಚೆಯಾದರೂ ಎರಡು ಡಬ್ಬಗಳ ನಡುವೆ ವ್ಯತ್ಯಾಸ ಬರುತ್ತದೆ.

ಸ್ಟಿಕ್ಕರೇ ಇಲ್ಲದಿದ್ದರೆ

ಆಗ ಬಕೆಟ್ಟನ್ನು ಎಸೆಯಬೇಡಿ, ಫೋಟೋ ಸಾಕು ಅಂತಲೂ ಅಂದುಕೊಳ್ಳಬೇಡಿ. ಫೋಟೋದಲ್ಲಿರುವ ಬಣ್ಣದಿಂದ ಶೇಡ್ ಹುಡುಕಲು ಆಗುವುದಿಲ್ಲ. ಫೋನ್ ಕ್ಯಾಮೆರಾ ಪ್ರತಿ ಬೆಳಕಿಗೂ ಬಣ್ಣವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಒಂದೇ ಗೋಡೆ ಬೆಳಿಗ್ಗೆ ಬೂದಿ, ಸಂಜೆ ಕೆನೆ.

ಆದರೆ ಬಕೆಟ್ಟಿನೊಳಗೆ ಒಣಗಿದ ಪೇಂಟಿನ ಪದರ ಇದೆಯಲ್ಲ, ಅದು ಬಿಸಿಲು ಕಾಣದ ನಿಜವಾದ ಮಾದರಿ. ತಳದಲ್ಲಿ ಗಟ್ಟಿಯಾದದ್ದು ಬೇಡ, ಅಲ್ಲಿ ಪಿಗ್ಮೆಂಟ್ ಇಳಿದು ಬಣ್ಣ ಬೇರೆಯಾಗಿರುತ್ತದೆ. ಬಕೆಟ್ಟಿನ ಒಳಬದಿಗೆ ಅಥವಾ ಮುಚ್ಚಳದ ಒಳಭಾಗಕ್ಕೆ ತೆಳ್ಳಗೆ, ಸಮನಾಗಿ ಅಂಟಿದ್ದನ್ನು ಬ್ಲೇಡಿನಿಂದ ನಿಧಾನವಾಗಿ ಎಬ್ಬಿಸಿ. ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡ, ಮಟ್ಟಸವಾದ ತುಂಡು ಸಾಕು. ಅದರ ಪ್ಲಾಸ್ಟಿಕ್ಕಿಗೆ ಅಂಟಿದ್ದ ಬದಿ ನುಣುಪಾಗಿ ಹೊಳೆಯುತ್ತದೆ, ಅದನ್ನು ನೋಡಬೇಡಿ. ಗಾಳಿಗೆ ಒಣಗಿದ ಬದಿಯೇ ಗೋಡೆಯ ಮೇಲ್ಮೈಗೆ ಹತ್ತಿರ. ಧೂಳಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ.

ಬಕೆಟ್ಟಿನ ಫೋಟೋದಿಂದ ಕಂಪನಿ ಮತ್ತು ಪೇಂಟಿನ ಹೆಸರು ತಿಳಿದಿದ್ದರೆ, ಈ ತುಂಡನ್ನು ಅದೇ ಕಂಪನಿಯ, ಸ್ಕ್ಯಾನ್ ಮಾಡುವ ಸಾಧನವಿರುವ ಅಂಗಡಿಗೆ ಒಯ್ಯಿರಿ. ಅದು ತನ್ನ ಪಟ್ಟಿಯಲ್ಲಿ ಹತ್ತಿರದ ಕೆಲವು ಶೇಡುಗಳನ್ನು ತೋರಿಸುತ್ತದೆ, ಪ್ರತಿಯೊಂದರ ಮುಂದೆ ಎಷ್ಟು ದೂರ ಅನ್ನುವ ಒಂದು ಅಂಕಿ ಇರುತ್ತದೆ. ಆ ಅಂಕಿ 1ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ಸಿಗುವುದು ಕಷ್ಟ. 2 ದಾಟಿದರೆ ಪಕ್ಕಪಕ್ಕದಲ್ಲಿ ಹಿಡಿದಾಗ ಕಾಣುತ್ತದೆ. ಮೊದಲ ಸಾಲಿನ ಶೇಡನ್ನೇ ಕಣ್ಣುಮುಚ್ಚಿ ತೆಗೆದುಕೊಳ್ಳದೆ, ಮೊದಲ ಎರಡು ಮೂರನ್ನು ಕಾರ್ಡಿನಲ್ಲಿ ತೆಗೆಸಿ, ತುಂಡನ್ನು ಅವುಗಳ ಮೇಲೆ ಇಟ್ಟು, ಅಂಗಡಿಯ ಹೊರಗೆ ಹಗಲು ಬೆಳಕಿನಲ್ಲಿ ನೋಡಿ ಆರಿಸಿ. ಒರಟು ಗೋಡೆಗೆ ಹೊಡೆದ ಹೊರಾಂಗಣ ಪೇಂಟ್, ಮಿನುಗುವ ಮೆಟಾಲಿಕ್ ಪೇಂಟ್ ಮತ್ತು ಟೆಕ್ಸ್‌ಚರ್ ಗೋಡೆಗಳಿಗೆ ಈ ಸ್ಕ್ಯಾನ್ ನಂಬುವ ಹಾಗಿಲ್ಲ. ಅವುಗಳಲ್ಲಿ ನೆರಳೂ ಮಿನುಗೂ ಸೇರಿ ಸಾಧನ ತಪ್ಪು ಓದುತ್ತದೆ. ಅಲ್ಲಿ ಕಾರ್ಡ್ ಹಿಡಿದು ಕಣ್ಣಿನಿಂದಲೇ ಆರಿಸಿ, ಮೂಲೆಯಿಂದ ಮೂಲೆಗೆ ಹೊಡೆಸುವುದೇ ದಾರಿ.